ಮುತ್ತಿನ ಸರಕ್ಕೆ ಹೊಸ ದಾರ, ಮುತ್ತಿಗೊಂದು ಗಂಟು

ಅಮ್ಮನ ಮುತ್ತಿನ ಸರದ ಕೊಕ್ಕೆ ಹತ್ತಿರ ದಾರ ಕಪ್ಪಾಗಿ, ನೂಲು ಎದ್ದಿತ್ತು. ಬೆವರು, ಎಣ್ಣೆ, ಸೆಂಟು ಎಲ್ಲ ಮೊದಲು ಸೇರುವುದು ಅಲ್ಲಿಗೇ. 18 ಇಂಚಿನ ಸರ, 7 ಮಿಲಿಮೀಟರಿನ ಸುಮಾರು 60 ಮುತ್ತು. ಅದನ್ನೇ ಬಿಚ್ಚಿ ಪೋಣಿಸಿದೆ.

ಮೊದಲು ದಾರದ ಮಾತು. ಮುತ್ತಿಗೆ ರೇಷ್ಮೆಯೇ ಸರಿ. ಮೆತ್ತಗಿರುತ್ತದೆ, ಗಂಟು ಚೆನ್ನಾಗಿ ಕೂರುತ್ತದೆ, ಸರ ಕತ್ತಿನ ಮೇಲೆ ಹಗುರಾಗಿ ಇಳಿಬೀಳುತ್ತದೆ. ಗಾಜಿನ ಮಣಿ, ಕಲ್ಲಿನ ಮಣಿಗಳ ತೂತಿನ ಅಂಚು ಚೂಪಾಗಿದ್ದರೆ ರೇಷ್ಮೆ ಬೇಗ ಸವೆಯುತ್ತದೆ, ಅಲ್ಲಿ ಹೆಣೆದ ನೈಲಾನ್ ದಾರ ಒಳ್ಳೆಯದು. ಮೀನಿನ ಗಾಳಕ್ಕೆ ಕಟ್ಟುವಂಥ ಒಂಟಿ ಎಳೆಯ ನೈಲಾನ್ ಮಾತ್ರ ಬೇಡ. ಒಮ್ಮೆ ಮಡಚಿದರೆ ಆ ಸೊಟ್ಟ ಹೋಗುವುದೇ ಇಲ್ಲ, ಗಂಟೂ ಜಾರುತ್ತದೆ.

ದಾರ ಎಷ್ಟು ದಪ್ಪ? ಅತಿ ಸಣ್ಣ ತೂತಿನಲ್ಲೂ ಎರಡು ಸಲ ಹಾಯಬೇಕು, ಆದರೆ ಗಂಟು ತೂತಿನೊಳಗೆ ನುಸುಳಬಾರದು. ಸೂಜಿ ಸಮೇತ ಬರುವ 2 ಮೀಟರ್ ರೇಷ್ಮೆ ದಾರ ಇಷ್ಟಕ್ಕೆ ಸಾಕು. ಪೋಣಿಸುವ ಮೊದಲು ಮೆಲ್ಲಗೆ ಎಳೆದು ಸುಕ್ಕು ಬಿಡಿಸಿ. ಇಲ್ಲದಿದ್ದರೆ ಆಮೇಲೆ ಸರವೇ ಜೋಲುತ್ತದೆ.

ಟವೆಲ್ ಹಾಸಿ, ಮುತ್ತುಗಳನ್ನು ಇದ್ದ ಕ್ರಮದಲ್ಲೇ ಸಾಲಾಗಿ ಇಡಿ. ಮೂರು ಮುತ್ತು ಪೋಣಿಸಿ, ಕೊಕ್ಕೆಯ ಬಳೆಗೆ ದಾರ ಹಾಕಿ, ಕೊಕ್ಕೆ ಪಕ್ಕದ ಮುತ್ತಿನೊಳಗೇ ಸೂಜಿ ವಾಪಸ್ ತನ್ನಿ. ಬಾಲದ ದಾರಕ್ಕೆ ಸುತ್ತಿ ಗಂಟು ಹಾಕಿ. ಮುಂದಿನ ಎರಡು ಮುತ್ತಿಗೂ ಹೀಗೇ ಮಾಡಿ, ಬಾಲ ಕತ್ತರಿಸಿ.

ಇನ್ನು ಒಂದೊಂದೇ ಮುತ್ತು, ಒಂದೊಂದೇ ಗಂಟು. ದಾರದಲ್ಲಿ ಸಡಿಲ ಕುಣಿಕೆ ಮಾಡಿ, ಅದರೊಳಗೆ ದಪ್ಪ ಸೂಜಿ ಇಟ್ಟು, ಕುಣಿಕೆಯನ್ನು ಮುತ್ತಿನ ಬುಡದವರೆಗೆ ತಳ್ಳಿ. ಸೂಜಿ ತೆಗೆಯುತ್ತಲೇ ಉಗುರಿನಿಂದ ಗಂಟನ್ನು ಮುತ್ತಿಗೆ ಒತ್ತಿ ಬಿಗಿಮಾಡಿ. ಸೂಜಿಯನ್ನು ಬೇಗ ತೆಗೆದರೆ ಗಂಟು ಮುತ್ತಿನಿಂದ ದೂರವೇ ಕೂತುಬಿಡುತ್ತದೆ, ಬಿಚ್ಚುವುದು ಬಹಳ ಕಷ್ಟ. ನನ್ನ ಮೊದಲ ಹತ್ತು ಗಂಟಿನಲ್ಲಿ ನಾಲ್ಕು ಹಾಗೇ ಆದವು. ದಾರ ಕತ್ತರಿಸಿ ಮತ್ತೆ ಶುರು ಮಾಡಿದೆ. ಮೊದಲು ಬೇರೆ ದಾರದಲ್ಲಿ ಅಗ್ಗದ ಮಣಿ ಹಾಕಿ ಅಭ್ಯಾಸ ಮಾಡಬೇಕಿತ್ತು.

ಗಂಟಿದ್ದರೆ ಮುತ್ತು ಮುತ್ತಿಗೆ ಉಜ್ಜಿ ಹೊಳಪು ಕೆಡುವುದಿಲ್ಲ. ದಾರ ಹರಿದರೂ ಎಲ್ಲ ಮುತ್ತು ನೆಲಕ್ಕೆ ಚೆಲ್ಲುವುದಿಲ್ಲ. ಮೊದಲು ಗಂಟಿಲ್ಲದ ಸರವಾಗಿದ್ದರೆ ಒಂದೂವರೆ ಇಂಚಿನಷ್ಟು ಉದ್ದವಾಗುತ್ತದೆ, ನೆನಪಿರಲಿ.

ಕೊನೆಯ ಮೂರು ಮುತ್ತನ್ನು ಗಂಟಿಲ್ಲದೆ ಪೋಣಿಸಿ, ಕೊಕ್ಕೆಯ ಇನ್ನೊಂದು ತುದಿಗೆ ಹಾಕಿ, ಮೊದಲಿನಂತೆಯೇ ಹಿಂದಕ್ಕೆ ಗಂಟು ಹಾಕುತ್ತಾ ಬನ್ನಿ. ಕೊನೆಯ ಗಂಟಿಗೆ ಬಣ್ಣವಿಲ್ಲದ ನೇಲ್ ಪಾಲಿಶ್ ಒಂದೇ ಹನಿ ಸಾಕು, ಮುತ್ತಿಗೆ ತಾಗಬಾರದು. ಒಣಗಿದ ಮೇಲೆ ದಾರ ಕತ್ತರಿಸಿ.

ದಿನಾ ಹಾಕುವ ಸರಕ್ಕೆ ವರ್ಷಕ್ಕೊಮ್ಮೆ, ಹಬ್ಬ ಮದುವೆಗೆ ಮಾತ್ರ ಹಾಕುವುದಕ್ಕೆ ಎರಡು ಮೂರು ವರ್ಷಕ್ಕೊಮ್ಮೆ ದಾರ ಬದಲಿಸಿ. ಮಧ್ಯೆ ಅನುಮಾನ ಬಂದರೆ ಒಂದು ಮುತ್ತು ಹಿಡಿದು ಮೆಲ್ಲಗೆ ಸರಿಸಿ ನೋಡಿ. ಗಂಟಿಗೂ ಮುತ್ತಿಗೂ ನಡುವೆ ದಾರ ಕಂಡರೆ ಅವಧಿ ಕಾಯುವುದು ಬೇಡ.