ಕಾಫಿ ತೋಟದ ವಿಡಿಯೊ ಯಾವ ಹೊತ್ತಿಗೆ ಹಾಕಬೇಕು?

ಸೋಮವಾರಪೇಟೆ ಕಡೆಯ ನಮ್ಮ ಕಾಫಿ ತೋಟದ ಕೆಲಸಗಳನ್ನು ನಾನು ಯೂಟ್ಯೂಬ್‌ನಲ್ಲಿ ತೋರಿಸುತ್ತೇನೆ. ವಿಡಿಯೊ ಹಾಕುವ ಹೊತ್ತನ್ನು ಗೊತ್ತುಮಾಡಲು ಮೊದಲು ತೆರೆಯುವುದು ಯೂಟ್ಯೂಬ್ ಸ್ಟುಡಿಯೊದಲ್ಲಿರುವ When your viewers are on YouTube ಎಂಬ ನಕ್ಷೆಯನ್ನು. ಕಳೆದ 28 ದಿನಗಳ ಲೆಕ್ಕ ಅದರಲ್ಲಿರುತ್ತದೆ. ವಾರದ ದಿನಗಳು ಸಾಲಾಗಿರುತ್ತವೆ, ಒಂದೊಂದು ಗಂಟೆಗೂ ಒಂದು ನೇರಳೆ ಪಟ್ಟಿ. ಬಣ್ಣ ಗಾಢವಾದಷ್ಟೂ ಜನ ಹೆಚ್ಚು. ವೀಕ್ಷಕರು ತೀರಾ ಕಡಿಮೆಯಿರುವ ಚಾನೆಲ್‌ಗೆ ಈ ನಕ್ಷೆ ಕಾಣುವುದೇ ಇಲ್ಲ.

ನಮ್ಮ ನಕ್ಷೆಯಲ್ಲಿ ರಾತ್ರಿ ಒಂಬತ್ತರ ಪಟ್ಟಿ ಎಲ್ಲಕ್ಕಿಂತ ಗಾಢ. ಆದರೆ ಅದು ನಮ್ಮ ವೀಕ್ಷಕರು ಯೂಟ್ಯೂಬ್‌ನಲ್ಲಿ ಇರುವ ಹೊತ್ತೇ ಹೊರತು, ನಮ್ಮ ವಿಡಿಯೊ ನೋಡುವ ಹೊತ್ತಲ್ಲ. ತೋಟದವರು, ಬೆಂಗಳೂರಿನಲ್ಲಿ ನೆಲೆಸಿದ ಊರಿನವರು, ದುಬೈಯಲ್ಲಿ ದುಡಿಯುವವರು ಎಲ್ಲರೂ ಅದರಲ್ಲಿ ಬೆರೆತುಹೋಗಿರುತ್ತಾರೆ. ಆದ್ದರಿಂದ ಹಳೆಯ ವಿಡಿಯೊಗಳನ್ನು ಗಂಟೆಗಂಟೆಗೆ ಎಷ್ಟು ಜನ ನೋಡಿದರು ಎಂಬುದನ್ನೂ ಪಕ್ಕದಲ್ಲಿಟ್ಟುಕೊಂಡು ನೋಡುತ್ತೇನೆ.

ಬೋರ್ಡೋ ದ್ರಾವಣದ ವಿಡಿಯೊವನ್ನೇ ತೆಗೆದುಕೊಳ್ಳಿ. ಮುಂಗಾರಿಗೆ ಮುನ್ನ ಸಿಂಪಡಿಸಬೇಕಾದ ಈ ದ್ರಾವಣವನ್ನು ಕಲಸಿದ ದಿನವೇ ಬಳಸಬೇಕು. ಮೈಲುತುತ್ತವನ್ನೂ ಸುಣ್ಣವನ್ನೂ ಬೇರೆಬೇರೆಯಾಗಿ ಕರಗಿಸುವ ಕ್ರಮವನ್ನು ಬೆಳೆಗಾರರು ಹಿಂದಿನ ಸಂಜೆಯೇ ನೋಡಿಕೊಂಡರೆ ಬೆಳಿಗ್ಗೆ ಆಳುಗಳಿಗೆ ಹೇಳಲು ಅನುಕೂಲ. ಹಾಗಾಗಿ ಒಂಬತ್ತಕ್ಕೆ ಕಾಯದೆ ಸಂಜೆ ಏಳಕ್ಕೆ ನಿಗದಿ ಮಾಡುತ್ತೇನೆ. ದುಬೈಯಲ್ಲಿ ಆಗ ಐದೂವರೆ. ಅವರು ಕೆಲಸ ಮುಗಿಸಿ ಮೊಬೈಲ್ ತೆರೆಯುವ ವೇಳೆಗೆ ವಿಡಿಯೊ ಸಿದ್ಧವಾಗಿರುತ್ತದೆ.

ಕಡತವನ್ನು ಮಾತ್ರ ಹಿಂದಿನ ದಿನವೇ ಏರಿಸಿಡುತ್ತೇನೆ. Schedule ಆಯ್ಕೆ ಮಾಡಿ ದಿನ, ಗಂಟೆ ಕೊಟ್ಟರೆ ಅಲ್ಲಿಯವರೆಗೂ ವಿಡಿಯೊ ಖಾಸಗಿಯಾಗಿಯೇ ಇರುತ್ತದೆ. ಮಳೆಗಾಲದ ನಮ್ಮೂರಿನಲ್ಲಿ ಕರೆಂಟನ್ನೂ ನೆಟ್‌ವರ್ಕನ್ನೂ ನಂಬಿ ಕೊನೆಯ ಗಳಿಗೆಯವರೆಗೆ ಕೂರುವಂತಿಲ್ಲ. ಇನ್ನೊಂದು ಕಾರಣವೂ ಇದೆ: ವಿಡಿಯೊ ಏರಿದ ಕೂಡಲೇ ಸಿಗುವುದು ಕಡಿಮೆ ಗುಣಮಟ್ಟದ ಪ್ರತಿ, ಹೆಚ್ಚಿನ ಸ್ಪಷ್ಟತೆಯದ್ದು ತಯಾರಾಗಲು ಹೊತ್ತು ಹಿಡಿಯುತ್ತದೆ. ಎಲೆಯ ತುಕ್ಕು ರೋಗದ ಸಣ್ಣ ಹಳದಿ ಚುಕ್ಕೆ ಮಸುಕಾಗಿ ಕಂಡರೆ ಆ ವಿಡಿಯೊದಿಂದ ಯಾರಿಗೂ ಪ್ರಯೋಜನವಿಲ್ಲ.

ಹೊತ್ತಿನ ಪ್ರಭಾವ ಹೆಚ್ಚಾಗಿ ಮೊದಲ ದಿನಕ್ಕಷ್ಟೇ. ಪ್ರಕಟಿಸುವ ಸಮಯ ವಿಡಿಯೊದ ದೀರ್ಘಕಾಲದ ಓಟವನ್ನು ನೇರವಾಗಿ ಬದಲಿಸುವುದಿಲ್ಲ ಎಂದು ಯೂಟ್ಯೂಬೇ ಹೇಳುತ್ತದೆ. ಕಾಳುಮೆಣಸಿನ ಬಳ್ಳಿ ಕಟ್ಟುವಂಥ ವಿಡಿಯೊವನ್ನು ಜನ ಮುಂದಿನ ವರ್ಷವೂ ಹುಡುಕಿ ನೋಡುತ್ತಾರೆ. ಅದಕ್ಕೆ ಗಂಟೆ ಲೆಕ್ಕ ಹಾಕುವುದಿಲ್ಲ. ನೇರಪ್ರಸಾರಕ್ಕಾದರೆ ಗಾಢ ಪಟ್ಟಿಯ ಗಂಟೆಯೇ ಬೇಕು. ಎರಡು ಹೊತ್ತುಗಳನ್ನು ಹೋಲಿಸುವಾಗ ಒಂದೇ ಬಗೆಯ ವಿಷಯದ ವಿಡಿಯೊಗಳ ಮೊದಲ 24 ಗಂಟೆಗಳನ್ನು ಮಾತ್ರ ಎದುರುಬದುರು ಇಡುತ್ತೇನೆ. ಕಾಫಿ ದರದ ವಿಡಿಯೊ ಯಾವ ಹೊತ್ತಿಗೆ ಹಾಕಿದರೂ ಓಡುತ್ತದೆ, ಅದನ್ನು ಕಸಿ ಮಾಡುವ ವಿಡಿಯೊದ ಜೊತೆ ಹೋಲಿಸಿದರೆ ಗಂಟೆಯ ಬಗ್ಗೆ ಏನೂ ತಿಳಿಯುವುದಿಲ್ಲ.