ಇಂಟರ್‌ವ್ಯೂಗೆ ಅವರೇ ಬರಲಿಲ್ಲವೇ? ಮೇಲ್ ಹೀಗಿರಲಿ

ಆನ್‌ಲೈನ್ ಇಂಟರ್‌ವ್ಯೂ ಬೆಳಿಗ್ಗೆ 11ಕ್ಕೆ. ನೀವು 10:55ಕ್ಕೇ ಲಿಂಕ್ ಒತ್ತಿ ಕೂತಿದ್ದೀರಿ. 11:10 ಆದರೂ ಆ ಕಡೆ ಯಾರೂ ಇಲ್ಲ. ಹಾಗಂತ ಬೇಸರಪಟ್ಟು ಎದ್ದು ಹೋಗಬೇಡಿ. ಪ್ಯಾನೆಲ್‌ನವರು ಬೇರೆ ಲಿಂಕಿನಲ್ಲಿ ಕಾದು, ‘ಅಭ್ಯರ್ಥಿ ಗೈರು’ ಎಂದು ಬರೆದುಬಿಡುವುದೂ ಉಂಟು. ನೀವು ಬಂದಿದ್ದಿರಿ ಎಂಬುದಕ್ಕೆ ಆ ಹೊತ್ತಿನಲ್ಲೇ ಕಳಿಸಿದ ಮೇಲ್ ಸಾಕ್ಷಿ.

ಮೊದಲು ತಪ್ಪು ನಮ್ಮ ಕಡೆ ಇಲ್ಲ ತಾನೇ ಎಂದು ನೋಡಿಕೊಳ್ಳಿ. ಕ್ಯಾಲೆಂಡರ್ ಇನ್ವೈಟ್ ತೆರೆದು ದಿನ, ಸಮಯ, ಟೈಮ್ ಝೋನ್ ಓದಿ. ಅಮೆರಿಕದ ಪ್ಯಾನೆಲ್ ಆದರೆ ಎಡವಟ್ಟು ಜಾಸ್ತಿ. ನ್ಯೂಯಾರ್ಕಿನ ಬೆಳಿಗ್ಗೆ 11 ಎಂದರೆ ಬೇಸಿಗೆಯಲ್ಲಿ ನಮಗೆ ರಾತ್ರಿ 8:30, ಚಳಿಗಾಲದಲ್ಲಿ 9:30. ಅಲ್ಲಿ ಮಾರ್ಚ್ ಮತ್ತು ನವೆಂಬರ್‌ನಲ್ಲಿ ಗಡಿಯಾರ ಬದಲಿಸುತ್ತಾರೆ. ಆಮೇಲೆ ಸ್ಪ್ಯಾಮ್ ನೋಡಿ, ಹೊಸ ಲಿಂಕ್ ಅಲ್ಲಿ ಬಿದ್ದಿರಬಹುದು.

ಎಲ್ಲ ಸರಿಯಿದ್ದರೆ ಕಾಯುತ್ತಿರುವ ಪರದೆಯ ಸ್ಕ್ರೀನ್‌ಶಾಟ್ ತೆಗೆಯಿರಿ. ಮೂಲೆಯ ಗಡಿಯಾರವೂ ಅದರಲ್ಲಿ ಕಾಣಬೇಕು. ಎಚ್‌ಆರ್ ನಂಬರ್ ಇದ್ದರೆ ಒಂದು ಸಲ ಫೋನ್ ಮಾಡಿ. ಎತ್ತದಿದ್ದರೆ 11:15ಕ್ಕೆ ಮೇಲ್ ಕಳಿಸಿ.

ಹೊಸ ಮೇಲ್ ಬೇಡ. ಇಂಟರ್‌ವ್ಯೂ ಖಚಿತಪಡಿಸಿದ ಹಳೆಯ ಮೇಲ್‌ಗೇ ‘ರಿಪ್ಲೈ ಆಲ್’ ಮಾಡಿದರೆ ಹಿಂದಿನ ಮಾತುಕತೆಯೆಲ್ಲ ಕೆಳಗೇ ಇರುತ್ತದೆ. ಎಚ್‌ಆರ್ ‘ಟು’ನಲ್ಲಿ, ಪ್ಯಾನೆಲ್‌ನವರು ‘ಸಿಸಿ’ಯಲ್ಲಿ ಇರಲಿ. ಪ್ಯಾನೆಲ್ ವಿಳಾಸ ಕೊಟ್ಟಿಲ್ಲವೆಂದರೆ ಊಹಿಸಿ ಹಾಕಬೇಡಿ, ಎಚ್‌ಆರ್ ಒಬ್ಬರಿಗೇ ಸಾಕು. ಇಂಥ ಮೇಲ್ ಇಂಗ್ಲಿಷಿನಲ್ಲಿ ಹೋಗುವುದೇ ಹೆಚ್ಚು. ಒಕ್ಕಣೆ ಮಾತ್ರ ಹೀಗಿರಲಿ:

“ನಮಸ್ಕಾರ. ಇಂದು ಬೆಳಿಗ್ಗೆ 11ಕ್ಕೆ (ಭಾರತೀಯ ಕಾಲಮಾನ) ನಿಗದಿಯಾಗಿದ್ದ ಡೇಟಾ ಅನಲಿಸ್ಟ್ ಹುದ್ದೆಯ ಇಂಟರ್‌ವ್ಯೂಗೆ 10:55ರಿಂದ ಕಾಯುತ್ತಿದ್ದೇನೆ. ಇನ್ನೂ ಯಾರೂ ಸೇರಿದಂತಿಲ್ಲ. ಲಿಂಕ್ ಬದಲಾಗಿದ್ದರೆ ದಯವಿಟ್ಟು ತಿಳಿಸಿ. 11:30ರವರೆಗೆ ಇದೇ ಲಿಂಕಿನಲ್ಲಿರುತ್ತೇನೆ. ಇಂದು ಆಗದಿದ್ದರೆ ನಾಳೆ ಮಧ್ಯಾಹ್ನ 3ರ ನಂತರ ಅಥವಾ ಗುರುವಾರ ಬೆಳಿಗ್ಗೆ 10ರಿಂದ 12ರವರೆಗೆ ನನಗೆ ಅನುಕೂಲ. ನನ್ನ ಫೋನ್ ನಂಬರ್ ಕೆಳಗಿದೆ.”

ಇದರಲ್ಲಿ ‘ನೀವು ಬರಲಿಲ್ಲ’ ಎಂಬ ಮಾತೇ ಇಲ್ಲ, ಗಮನಿಸಿದಿರಾ? ‘ಯಾರೂ ಸೇರಿದಂತಿಲ್ಲ’ ಎಂದರೆ ಅವರಿಗೂ ಮುಜುಗರವಿಲ್ಲ, ಲಿಂಕಿನದೇ ತೊಂದರೆಯಾಗಿದ್ದರೆ ನಮಗೂ ಇಲ್ಲ. ‘ಇದಕ್ಕಾಗಿ ರಜೆ ಹಾಕಿದ್ದೆ’ ಎಂಬುದು ನಿಜವೇ ಇರಬಹುದು, ಆದರೂ ಬರೆಯಬೇಡಿ. ಸ್ಕ್ರೀನ್‌ಶಾಟನ್ನೂ ಈಗಲೇ ಲಗತ್ತಿಸಬೇಡಿ, ಜಗಳಕ್ಕೆ ನಿಂತಂತೆ ಕಾಣುತ್ತದೆ. ‘ನೀವೇ ಬರಲಿಲ್ಲವಲ್ಲ’ ಎಂದು ಅವರು ಹೇಳಿದರೆ ಆಗ ಕಳಿಸಿ.

11:20ಕ್ಕೆ ಯಾರಾದರೂ ಓಡೋಡಿ ಬಂದರೆ, ಪೂರ್ತಿ ಸಮಯ ಸಿಗುತ್ತದೆಯೇ ಎಂದು ಮೊದಲೇ ಕೇಳಿ. ಒಂದು ಗಂಟೆಯ ಟೆಕ್ನಿಕಲ್ ರೌಂಡನ್ನು ಅರ್ಧ ಗಂಟೆಯಲ್ಲಿ ಮುಗಿಸುವ ಬದಲು ಇನ್ನೊಂದು ದಿನ ಕೇಳುವುದೇ ವಾಸಿ. ಯಾರೂ ಬರದಿದ್ದರೆ 11:30ಕ್ಕೆ ಹೊರಬನ್ನಿ. ಮರುದಿನ ಸಂಜೆಯವರೆಗೂ ಉತ್ತರ ಇಲ್ಲದಿದ್ದರೆ ಎಚ್‌ಆರ್‌ಗೆ ಮಾತ್ರ ಎರಡು ಸಾಲಿನ ನೆನಪೋಲೆ ಕಳಿಸಿ. ಎರಡನೇ ಸಲವೂ ಹೀಗೇ ಆದರೆ ನೀವಾಗಿ ಸಮಯ ಸೂಚಿಸಬೇಡಿ. ಪ್ಯಾನೆಲ್ ಒಪ್ಪಿದ ದಿನವನ್ನು ಎಚ್‌ಆರ್ ಅವರೇ ಬರೆದು ತಿಳಿಸಲಿ.