ಮೇಕೆಗೆ ಸುಬಾಬುಲ್, ಅಗಸೆ ಸೊಪ್ಪು: ಎಷ್ಟು ಕೊಡಬೇಕು, ಎಲ್ಲಿ ನಿಲ್ಲಿಸಬೇಕು?

ಬೇಸಿಗೆಯಲ್ಲಿ ರಾಗಿ ಹುಲ್ಲನ್ನೇ ನಂಬಿಕೊಂಡ ಕೊಟ್ಟಿಗೆಗಳಲ್ಲಿ ಒಂದು ವಿಷಯ ಎದ್ದು ಕಾಣುತ್ತದೆ. ಮುಂದೆ ಹುಲ್ಲು ರಾಶಿ ಇರುತ್ತದೆ, ಆದರೂ ಮೇಕೆ ಸ್ವಲ್ಪ ಮೆಲ್ಲಿ ಮುಖ ತಿರುಗಿಸುತ್ತದೆ. ಅದು ಬರೀ ರುಚಿಯ ಪ್ರಶ್ನೆಯಲ್ಲ. ಹುಲ್ಲನ್ನು ಅರಗಿಸುವ ಕೆಲಸ ಮಾಡುವುದು ಮೇಕೆಯ ದೊಡ್ಡ ಹೊಟ್ಟೆಯಲ್ಲಿರುವ ಸೂಕ್ಷ್ಮಾಣುಗಳು. ಅವಕ್ಕೂ ಪ್ರೋಟೀನ್ ಬೇಕು. ತಿನ್ನುವ ಮೇವಿನಲ್ಲಿ ಸುಮಾರು 7 ಶೇಕಡಾ ಪ್ರೋಟೀನ್ ಇಲ್ಲದಿದ್ದರೆ ಅವು ಸೊರಗುತ್ತವೆ, ಹುಲ್ಲು ಹೊಟ್ಟೆಯಲ್ಲೇ ಕೂತುಬಿಡುತ್ತದೆ, ಹಸಿವು ಆಗುವುದಿಲ್ಲ. ರಾಗಿ ಹುಲ್ಲಿನಲ್ಲಿ ಇರುವುದು 3-4 ಶೇಕಡಾ ಮಾತ್ರ.

ಈ ಕೊರತೆ ತುಂಬಲು ಕಡಲೆಕಾಯಿ ಹಿಂಡಿ ಕೊಡಬಹುದು, ಅದರ ಬೆಲೆ ನಿಮಗೇ ಗೊತ್ತು. ಬೇಲಿಯಲ್ಲಿ ಬೆಳೆಯುವ ಸುಬಾಬುಲ್ ಸೊಪ್ಪಿನಲ್ಲಿ, ಒಣಗಿದ ಲೆಕ್ಕದಲ್ಲಿ, 20ರಿಂದ 25 ಶೇಕಡಾ ಪ್ರೋಟೀನ್ ಇದೆ. ಅಗಸೆ ಮರದ (ಕೆಲವು ಕಡೆ ಚೊಗಚೆ ಅನ್ನುತ್ತಾರೆ, ಎಣ್ಣೆ ತೆಗೆಯುವ ಅಗಸೆ ಅಲ್ಲ) ಸೊಪ್ಪಿನಲ್ಲೂ ಹೆಚ್ಚುಕಡಿಮೆ ಅಷ್ಟೇ ಇದೆ. ಆದರೆ ಸೊಪ್ಪನ್ನು ಹಿಂಡಿಯ ಜಾಗದಲ್ಲಿ ಇಡಬೇಕೇ ಹೊರತು ಹುಲ್ಲಿನ ಜಾಗದಲ್ಲಿ ಅಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಮೊದಲು ತೂಕ

ಒಂದು ಉದಾಹರಣೆ ಹಿಡಿದು ಲೆಕ್ಕ ಮಾಡೋಣ. 25 ಕೆ.ಜಿ. ತೂಗುವ ಹೆಣ್ಣು ಮೇಕೆ, ಕೊಟ್ಟಿಗೆಯಲ್ಲೇ ಕಟ್ಟಿ ಸಾಕುವುದು. ಮೇಕೆ ದಿನಕ್ಕೆ ತನ್ನ ತೂಕದ 3ರಿಂದ 4 ಶೇಕಡಾದಷ್ಟು ಒಣ ಮೇವು ತಿನ್ನುತ್ತದೆ. ಈ ಮೇಕೆಗೆ ಸುಮಾರು 900 ಗ್ರಾಂ ಅಂದುಕೊಳ್ಳಿ. ಹಸಿ ಸೊಪ್ಪಿನಲ್ಲಿರುವ ನೀರನ್ನು ಬಿಟ್ಟು ಉಳಿಯುವ ತೂಕವನ್ನು ಮಾತ್ರ ಇದರಲ್ಲಿ ಸೇರಿಸಬೇಕು.

ಸುಬಾಬುಲ್ ಇದರ 30 ಶೇಕಡಾ ದಾಟಬಾರದು. ಅಂದರೆ 270 ಗ್ರಾಂ. ಹಸಿ ಸುಬಾಬುಲ್‌ನಲ್ಲಿ ಮೂರನೇ ಒಂದು ಪಾಲಿಗಿಂತ ಸ್ವಲ್ಪ ಕಡಿಮೆ ಒಣ ಪದಾರ್ಥ ಇರುವುದರಿಂದ, ಹಸಿ ಸೊಪ್ಪಿನ ಲೆಕ್ಕದಲ್ಲಿ ದಿನಕ್ಕೆ ಸುಮಾರು 900 ಗ್ರಾಂ ಆಗುತ್ತದೆ. ಅದರಿಂದ 60 ಗ್ರಾಂ ಹತ್ತಿರ ಪ್ರೋಟೀನ್ ಸಿಗುತ್ತದೆ. 550 ಗ್ರಾಂ ರಾಗಿ ಹುಲ್ಲಿನಿಂದ 20 ಗ್ರಾಂ ಬರುತ್ತದೆ. ಜೊತೆಗೆ ಒಂದು ದೊಡ್ಡ ಹಿಡಿ ಮುಸುಕಿನ ಜೋಳದ ನುಚ್ಚು, ಅಂದಾಜು 100 ಗ್ರಾಂ, ಕೊಟ್ಟರೆ ಇನ್ನೂ 9 ಗ್ರಾಂ. ಒಟ್ಟಿನಲ್ಲಿ ಮೇವಿನ ಪ್ರೋಟೀನ್ 9-10 ಶೇಕಡಾಗೆ ಬಂತು. ಬರೀ ಹುಲ್ಲು ತಿಂದಾಗ ಇದ್ದದ್ದು 4.

ಆ ಹಿಡಿ ನುಚ್ಚು ಯಾಕೆ ಅಂತ ಕೇಳಬಹುದು. ಸೊಪ್ಪಿನ ಪ್ರೋಟೀನ್ ಹೊಟ್ಟೆಯಲ್ಲಿ ಬೇಗ ಒಡೆಯುತ್ತದೆ. ಅದನ್ನು ಬಳಸಿಕೊಳ್ಳಲು ಸೂಕ್ಷ್ಮಾಣುಗಳಿಗೆ ಅದೇ ಹೊತ್ತಿಗೆ ಶಕ್ತಿಯೂ ಬೇಕು. ಸಿಗದಿದ್ದರೆ ಒಡೆದ ಪ್ರೋಟೀನ್‌ನ ಒಂದು ಪಾಲು ಮೂತ್ರದಲ್ಲಿ ಹೊರಗೆ ಹೋಗುತ್ತದೆ. ಸೊಪ್ಪು ಎಷ್ಟು ಸುರಿದರೂ ಮರಿ ಮೈ ಹಿಡಿಯುತ್ತಿಲ್ಲ ಅನ್ನುವವರು ಮೊದಲು ನೋಡಬೇಕಾದದ್ದು ಇದನ್ನು.

ತೂಕ ಮಾಡುವಾಗ ಕಂತೆಯನ್ನೇ ತೂಗಿ ಸುಮ್ಮನಾಗಬೇಡಿ. ಮೇಕೆ ಎಲೆ, ಎಳೆ ತುದಿ ತಿಂದು ಕಡ್ಡಿ ಬಿಡುತ್ತದೆ. ಬೆಳಗ್ಗೆ ಕಂತೆ ತೂಗಿ, ಸಂಜೆ ಉಳಿದ ಕಡ್ಡಿ ತೂಗಿ. ಎರಡರ ನಡುವಿನ ಅಂತರವೇ ಮೇಕೆ ತಿಂದ ಸೊಪ್ಪು. ಎರಡು ಮೂರು ದಿನ ಹೀಗೆ ಮಾಡಿದರೆ ನಿಮ್ಮ ಕಂತೆಗೆ ಎಷ್ಟು ಸೊಪ್ಪು ಅನ್ನುವ ಅಂದಾಜು ಕೈಗೆ ಬರುತ್ತದೆ, ಆಮೇಲೆ ತಕ್ಕಡಿ ಬೇಕಿಲ್ಲ.

30 ಶೇಕಡಾ ಯಾಕೆ?

ಸುಬಾಬುಲ್‌ನಲ್ಲಿ ಮಿಮೋಸಿನ್ ಎಂಬ ವಿಷವಸ್ತು ಇದೆ. ಎಳೆ ಚಿಗುರಿನಲ್ಲಿ ಮತ್ತು ಬೀಜದಲ್ಲಿ ಜಾಸ್ತಿ, ಬಲಿತ ಎಲೆಯಲ್ಲಿ ಕಡಿಮೆ. ಮಿಮೋಸಿನ್ ಕೂದಲಿನ ಬುಡದ ಕೋಶಗಳ ಬೆಳವಣಿಗೆ ತಡೆಯುತ್ತದೆ, ಹಾಗಾಗಿ ಕೂದಲು ಉದುರುತ್ತದೆ. ಮೇಕೆಯ ಹೊಟ್ಟೆಯಲ್ಲಿ ಅದು ಡಿಎಚ್‌ಪಿ ಎಂಬ ಇನ್ನೊಂದು ವಸ್ತುವಾಗಿ ಬದಲಾಗುತ್ತದೆ. ಇದು ಥೈರಾಯ್ಡ್ ಗ್ರಂಥಿಯ ಕೆಲಸಕ್ಕೆ ಅಡ್ಡಿ ಮಾಡುತ್ತದೆ. ಅಯೋಡಿನ್ ಉಪ್ಪು ಇಟ್ಟರೆ ಸರಿಹೋಗುತ್ತದೆ ಅಂತ ಹಲವರು ಹೇಳುತ್ತಾರೆ. ಅಯೋಡಿನ್ ಸಿಕ್ಕರೂ ಗ್ರಂಥಿ ಅದನ್ನು ಬಳಸಿಕೊಳ್ಳದಂತೆ ಡಿಎಚ್‌ಪಿ ತಡೆಯುವುದರಿಂದ ಉಪ್ಪನ್ನು ನಂಬಿ ಸೊಪ್ಪು ಜಾಸ್ತಿ ಮಾಡುವಂತಿಲ್ಲ.

ಇಲ್ಲೊಂದು ಸ್ವಾರಸ್ಯದ ಕಥೆಯಿದೆ. ಆಸ್ಟ್ರೇಲಿಯಾದಲ್ಲಿ ಸುಬಾಬುಲ್ ತಿಂದ ದನಗಳು ಕಾಯಿಲೆ ಬೀಳುತ್ತಿದ್ದವು, ಹವಾಯಿಯ ಮೇಕೆಗಳು ಮಾತ್ರ ಅದನ್ನೇ ಹೊಟ್ಟೆತುಂಬಾ ತಿಂದು ಚೆನ್ನಾಗಿದ್ದವು. ವಿಜ್ಞಾನಿ ರೇಮಂಡ್ ಜೋನ್ಸ್ 1980ರ ದಶಕದಲ್ಲಿ ಹವಾಯಿ ಮೇಕೆಯ ಹೊಟ್ಟೆಯ ದ್ರವವನ್ನು ಆಸ್ಟ್ರೇಲಿಯಾದ ಪ್ರಾಣಿಗಳಿಗೆ ಕೊಡಿಸಿ ನೋಡಿದರು. ಅವೂ ತಡೆದುಕೊಂಡವು! ಡಿಎಚ್‌ಪಿಯನ್ನು ಒಡೆಯುವ ಒಂದು ಬ್ಯಾಕ್ಟೀರಿಯಾ ಆ ದ್ರವದಲ್ಲಿತ್ತು. 1992ರಲ್ಲಿ ಅದಕ್ಕೆ ಜೋನ್ಸ್ ಅವರ ಹೆಸರೇ ಸೇರಿ ಸಿನರ್ಜಿಸ್ಟಿಸ್ ಜೋನ್ಸಿ ಎಂದು ಹೆಸರಾಯಿತು. ಸುಬಾಬುಲ್ ತಿಂದು ರೂಢಿಯಿರುವ ನಮ್ಮ ಮೇಕೆಗಳ ಹೊಟ್ಟೆಯಲ್ಲೂ ಇಂಥ ಸೂಕ್ಷ್ಮಾಣುಗಳು ಇರಬಹುದು. ಆದರೆ ಸಂತೆಯಿಂದ ತಂದ ಮೇಕೆಯ ಹೊಟ್ಟೆಯಲ್ಲಿ ಏನಿದೆ ಅಂತ ನೋಡಿ ಹೇಳಲು ಆಗುವುದಿಲ್ಲ ಅಲ್ವಾ? ಅದಕ್ಕೇ ಎಲ್ಲಕ್ಕೂ 30 ಶೇಕಡಾ ಮಿತಿ ಇಟ್ಟುಕೊಳ್ಳುವುದು ವಾಸಿ. ಹೊಸ ಮೇಕೆಯನ್ನು ಹಳೆಯ ಮೇಕೆಗಳ ಜೊತೆ ಒಂದೇ ದೊಡ್ಡಿಯಲ್ಲಿ ಬಿಟ್ಟರೆ ಈ ಬ್ಯಾಕ್ಟೀರಿಯಾ ಒಂದರಿಂದ ಇನ್ನೊಂದಕ್ಕೆ ಹೋಗುವ ಸಾಧ್ಯತೆಯೂ ಇದೆ. ಆದರೆ ಹೊಸದನ್ನು ಮೊದಲು ಕೆಲವು ದಿನ ಬೇರೆ ಕಟ್ಟಿ, ರೋಗ ಏನೂ ಇಲ್ಲ ಅಂತ ಖಚಿತವಾದ ಮೇಲೆ ಬಿಡಿ.

ಕೊಡುವ ಕ್ರಮ

ಮೊದಲ ವಾರ ಒಂದು ಮೇಕೆಗೆ ದಿನಕ್ಕೆ 150-200 ಗ್ರಾಂ ಹಸಿ ಸೊಪ್ಪು ಸಾಕು. ವಾರಕ್ಕೆ ಸ್ವಲ್ಪ ಸ್ವಲ್ಪ ಏರಿಸುತ್ತಾ ಮೂರನೇ ವಾರದ ಹೊತ್ತಿಗೆ ಪೂರ್ತಿ ಪ್ರಮಾಣಕ್ಕೆ ಬನ್ನಿ. ಹಸಿದ ಹೊಟ್ಟೆಗೆ ಮೊದಲೇ ಸೊಪ್ಪು ಹಾಕಬೇಡಿ. ಬೆಳಗ್ಗೆ ಒಂದಷ್ಟು ಹುಲ್ಲು ತಿಂದ ಮೇಲೆ ಕೊಡಿ.

ಸೊಪ್ಪನ್ನು ನೆಲಕ್ಕೆ ಎಸೆಯಬಾರದು. ಕಾಲಡಿ ಬಿದ್ದ ಸೊಪ್ಪನ್ನು ಮೇಕೆ ಮೂಸಿ ಬಿಡುತ್ತದೆ, ತಿಂದರೂ ಹಿಕ್ಕೆಯ ಜೊತೆ ಜಂತುಹುಳು ಹೊಟ್ಟೆಗೆ ಹೋಗುತ್ತದೆ. ಕಂತೆಯ ಬುಡಕ್ಕೆ ಹಗ್ಗ ಬಿಗಿದು, ತುದಿ ಕೆಳಗೆ ಬರುವ ಹಾಗೆ, ಮೇಕೆಯ ತಲೆಯ ಮಟ್ಟಕ್ಕೆ ತೂಗುಹಾಕಿ. ಹೀಗೆ ಕಟ್ಟಿದರೆ ಕಿತ್ತು ಕಿತ್ತು ತಿನ್ನುತ್ತದೆ, ವ್ಯರ್ಥವೂ ಕಡಿಮೆ.

ಗಬ್ಬದ ಮೇಕೆಗೆ ನಾನಾದರೆ ಸುಬಾಬುಲ್ ಅರ್ಧಕ್ಕೆ ಇಳಿಸುತ್ತೇನೆ. ಥೈರಾಯ್ಡ್‌ಗೆ ಪೆಟ್ಟು ಬಿದ್ದರೆ ಹೊಟ್ಟೆಯಲ್ಲಿರುವ ಮರಿಗೂ ತಟ್ಟುತ್ತದೆ, ಗಂಟಲು ಊದಿದ, ನಿತ್ರಾಣದ ಮರಿ ಹುಟ್ಟಬಹುದು. ಕೊನೆಯ ಎರಡು ತಿಂಗಳು ಪ್ರೋಟೀನ್ ಬೇಡಿಕೆ ಜಾಸ್ತಿ ಇರುವ ಕಾಲ, ಹಾಗಾಗಿ ಇಳಿಸಿದ್ದನ್ನು ಬೇರೆ ಸೊಪ್ಪಿನಿಂದ ತುಂಬಲೇಬೇಕು. ಅಗಸೆ ಇಲ್ಲಿ ಕೈ ಹಿಡಿಯುತ್ತದೆ.

ಅಗಸೆ ಬೆರೆಸುವುದು

ಅಗಸೆಯಲ್ಲಿ ಮಿಮೋಸಿನ್ ಇಲ್ಲ. ಮೇಕೆಗೆ ಇಷ್ಟವೂ ಹೌದು. ಆದರೆ ಎಲೆ ತುಂಬಾ ನೀರು, ಐದನೇ ಒಂದು ಪಾಲಿನಷ್ಟೇ ಒಣ ಪದಾರ್ಥ. ಬರೀ ಅಗಸೆ ಹಾಕಿದರೆ ಹಿಕ್ಕೆ ಮಣಿಯಂತೆ ಬೀಳದೆ ಮುದ್ದೆಯಾಗುತ್ತದೆ. ಹಿಕ್ಕೆ ಮುದ್ದೆಯಾಯಿತು ಅಂದರೆ ಸೊಪ್ಪು ಇಳಿಸಿ ಹುಲ್ಲು ಏರಿಸಿ. ಬೆಳಗ್ಗೆ ಕಡಿದು ನೆರಳಲ್ಲಿ ಬಾಡಿಸಿ ಮಧ್ಯಾಹ್ನ ಕೊಟ್ಟರೆ ಈ ತೊಂದರೆ ಕಡಿಮೆ.

ಮೇಲಿನ ಮೇಕೆಗೇ ಲೆಕ್ಕ ಹಾಕಿದರೆ 450 ಗ್ರಾಂ ಸುಬಾಬುಲ್, 700 ಗ್ರಾಂ ಅಗಸೆ. ಪ್ರೋಟೀನ್ ಮೊದಲಿನಷ್ಟೇ ಸಿಗುತ್ತದೆ, ಸುಬಾಬುಲ್ ಮಾತ್ರ 15 ಶೇಕಡಾಗೆ ಇಳಿಯುತ್ತದೆ. ವರ್ಷವಿಡೀ ಕೊಡುವವರಿಗೆ ಇದೇ ನೆಮ್ಮದಿಯ ಅಳತೆ.

ಗ್ಲಿರಿಸಿಡಿಯಾ ಅಂದರೆ ನಮ್ಮ ಗೊಬ್ಬರದ ಗಿಡ. ಅದನ್ನೂ ಮೂರನೆಯದಾಗಿ ಸೇರಿಸಬಹುದು. ಅದರ ವಾಸನೆಗೆ ಮೇಕೆ ಮೊದಮೊದಲು ಮೂಗು ಮುರಿಯುತ್ತದೆ. ಒಂದು ರಾತ್ರಿ ಬಾಡಿಸಿ, ಇಷ್ಟಪಟ್ಟು ತಿನ್ನುವ ಸೊಪ್ಪಿನ ಮಧ್ಯೆ ಇಟ್ಟು ರೂಢಿ ಮಾಡಿಸಬೇಕು. ನುಗ್ಗೆ, ಹಿಪ್ಪುನೇರಳೆ ಸೊಪ್ಪು ಇದ್ದವರಿಗೆ ಈ ತಕರಾರೇ ಇಲ್ಲ.

ಮೀರಿದೆ ಅಂತ ತಿಳಿಯುವುದು ಹೇಗೆ?

ಬಾಲ ಮತ್ತು ಬೆನ್ನಿನ ಕೂದಲನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಗೊಂಚಲಾಗಿ ಕೈಗೆ ಬಂದರೆ ಸುಬಾಬುಲ್ ಜಾಸ್ತಿಯಾಗಿರಬಹುದು. ಜೊಲ್ಲು ಸೋರುವುದು, ಮೇವು ಬಿಡುವುದು, ಮಂಕಾಗುವುದು ಉಳಿದ ಗುರುತುಗಳು.

ಗಂಟಲ ಊತ ಕಂಡರೆ ಸ್ವಲ್ಪ ಎಚ್ಚರದಿಂದ ನೋಡಿ, ಇನ್ನೊಂದು ಕಾಯಿಲೆಗೂ ಹಾಗೇ ಕಾಣುತ್ತದೆ. ಥೈರಾಯ್ಡ್ ಊತ ಕತ್ತಿನ ಮೇಲ್ಭಾಗದಲ್ಲಿ, ಗಂಟಲಿನ ಎರಡೂ ಬದಿಗೆ, ಗಟ್ಟಿಯಾಗಿ ಸಿಗುತ್ತದೆ. ದವಡೆಯ ಕೆಳಗೆ ಮೆತ್ತಗೆ ನೀರು ತುಂಬಿದಂತಿದ್ದು, ಬೆರಳಲ್ಲಿ ಒತ್ತಿದರೆ ಕುಳಿ ಬಿದ್ದು, ಕಣ್ಣಿನ ರೆಪ್ಪೆಯ ಒಳಭಾಗ ಬಿಳಿಚಿಕೊಂಡಿದ್ದರೆ ಅದು ರಕ್ತ ಹೀರುವ ಜಂತುಹುಳುವಿನದ್ದು. ಅದಕ್ಕೆ ಸೊಪ್ಪು ನಿಲ್ಲಿಸಿ ಪ್ರಯೋಜನವಿಲ್ಲ, ಹುಳುವಿನ ಔಷಧ ಬೇಕು. ಸುಬಾಬುಲ್‌ನಿಂದ ಆದದ್ದಾದರೆ ಆ ಸೊಪ್ಪನ್ನು ಪೂರ್ತಿ ನಿಲ್ಲಿಸಿ ಬೇರೆ ಮೇವಿಗೆ ಬದಲಿಸಿ. ಕೆಲವು ವಾರಗಳಲ್ಲಿ ಕೂದಲು ಮತ್ತೆ ಬರುತ್ತದೆ. ಮೇವು ಬಿಟ್ಟೇ ನಿಂತಿದ್ದರೆ ಪಶುವೈದ್ಯರಿಗೆ ತೋರಿಸಿ.

ಗಿಡ ಕಡಿಯುವಾಗ

ಸುಬಾಬುಲ್ ಬೀಜದ ಸಿಪ್ಪೆ ಗಟ್ಟಿ. ಕುದಿಯುವುದಕ್ಕಿಂತ ಸ್ವಲ್ಪ ಕಮ್ಮಿ ಬಿಸಿಯ ನೀರಲ್ಲಿ ಐದು ನಿಮಿಷ ಅದ್ದಿ, ಆಮೇಲೆ ತಣ್ಣೀರಲ್ಲಿ ರಾತ್ರಿ ನೆನೆಸಿ ಬಿತ್ತಬೇಕು. ಮೊದಲ ಕೆಲವು ತಿಂಗಳು ಗಿಡ ನಿಧಾನ, ಕಳೆ ಕೀಳದಿದ್ದರೆ ಮುಚ್ಚಿಹೋಗುತ್ತದೆ. ಕಾಂಡ ಹೆಬ್ಬೆರಳಿಗಿಂತ ದಪ್ಪವಾದ ಮೇಲೆ, ಸುಮಾರು ಆರು ತಿಂಗಳಿಗೆ, ಸೊಂಟದ ಎತ್ತರದಲ್ಲಿ ಮೊದಲ ಸಲ ಕಡಿಯಿರಿ. ಆಮೇಲೆ ಆರರಿಂದ ಎಂಟು ವಾರಕ್ಕೊಮ್ಮೆ ಕೊಯ್ಲು, ಮಳೆ ಇಲ್ಲದಾಗ ಇನ್ನೂ ತಡ. ಬೇಲಿಯನ್ನು ಎಂಟು ಭಾಗ ಮಾಡಿಕೊಂಡು ವಾರಕ್ಕೊಂದು ಭಾಗ ಕಡಿದರೆ ಸೊಪ್ಪು ಸದಾ ಇರುತ್ತದೆ, ಬರೀ ಎಳೆ ಚಿಗುರು ಕೊಡುವ ಪರಿಸ್ಥಿತಿಯೂ ಬರುವುದಿಲ್ಲ. ಕಾಯಿ ಬಲಿಯುವ ಮೊದಲೇ ಕಡಿಯಿರಿ. ಬೀಜ ಉದುರಿದರೆ ಹೊಲದ ತುಂಬಾ ಸುಬಾಬುಲ್ ಕಳೆ ಕೀಳುವ ಕೆಲಸ ನಿಮ್ಮ ಪಾಲಿಗೆ.

ಅಗಸೆಗೆ ಈ ಮಚ್ಚಿನ ಪೆಟ್ಟು ಆಗುವುದಿಲ್ಲ. ಅದನ್ನು ಬುಡಕ್ಕೆ ಕಡಿದರೆ, ಎಲೆಯೇ ಇಲ್ಲದಂತೆ ಬೋಳಿಸಿದರೆ, ಮರ ಒಣಗುತ್ತದೆ. ಪಕ್ಕದ ಕೊಂಬೆಗಳನ್ನು ಮಾತ್ರ ತೆಗೆದು, ತುದಿಯಲ್ಲಿ ಒಂದಷ್ಟು ಎಲೆ ಬಿಡಬೇಕು.

ಮಳೆಗಾಲದಲ್ಲಿ ಸೊಪ್ಪು ಮಿಕ್ಕರೆ ಬೇಸಿಗೆಗೆ ಒಣಗಿಸಿಡಬಹುದು. ಬಿಸಿಲು ಸಿಕ್ಕ ದಿನ ಟಾರ್ಪಾಲಿನ ಮೇಲೆ ಹರಡಿ ನೆರಳಲ್ಲಿ ಒಣಗಿಸಿ. ಒಣಗಿದಾಗ ಎಲೆ ತಾನೇ ಉದುರುತ್ತದೆ, ನೆಲದ ಮೇಲಾದರೆ ಮಣ್ಣು ಪಾಲು. ಒಣಗಿಸಿದರೆ ಮಿಮೋಸಿನ್ ಒಂದಷ್ಟು ಕಡಿಮೆಯಾಗುತ್ತದೆ, ಆದರೂ ಮಿತಿ ಅದೇ. ಒಣ ಎಲೆಯನ್ನು ತೂಗುವಾಗ ನೀರಿನ ಲೆಕ್ಕ ಇರುವುದಿಲ್ಲ ಅನ್ನುವುದು ನೆನಪಿರಲಿ. 25 ಕೆ.ಜಿ. ಮೇಕೆಗೆ 900 ಗ್ರಾಂ ಅಲ್ಲ, 300 ಗ್ರಾಂ ಒಳಗೆ. ಚೀಲದ ಮೂಲೆಯಲ್ಲಿ ಬೂಸ್ಟು ಕಂಡರೆ ಆ ಚೀಲವನ್ನು ಗೊಬ್ಬರದ ಗುಂಡಿಗೆ ಹಾಕಿ. ಗ್ಲಿರಿಸಿಡಿಯಾ ಬೆರೆಸಿದ್ದಾದರಂತೂ ಬೇಡವೇ ಬೇಡ, ಅದರಲ್ಲಿರುವ ಕೂಮರಿನ್ ಎಂಬ ವಸ್ತು ಬೂಸ್ಟು ಹಿಡಿದಾಗ ರಕ್ತ ಹೆಪ್ಪುಗಟ್ಟದಂತೆ ಮಾಡುವ ವಿಷವಾಗಬಲ್ಲದು.